ಗೋಡೆಯ ಸಾಲ, ಛಾವಣಿಯ ಸಾಲ

ಬ್ಯಾಂಕಿಗೆ ಹೋಗುವಾಗ ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಅಪ್ಪ ಒಂದು ಪೆಟ್ಟಿಗೆ ಪೇಡೆ ಹಿಡಿದಿದ್ದರು. ನಾನು ಹಿಂದಿನ ವರ್ಷವಷ್ಟೇ ಬಿ.ಎ. ಮುಗಿಸಿದ್ದೆ, ಇಂಗ್ಲಿಷ್ ಕಾಗದ ಓದುವುದಕ್ಕೆಂದು ನನ್ನನ್ನು ಕರೆದುಕೊಂಡಿದ್ದರು.

ಭಾಂಡುಪ್‌ನಲ್ಲಿ ನಮ್ಮದೊಂದು ಸಣ್ಣ ಮನೆ ಎದ್ದಿತ್ತು. ಗೋಡೆಗೆ ಒಂದು ಸಾಲ, ಎರಡು ವರ್ಷದ ಮೇಲೆ ಛಾವಣಿಗೆ ಇನ್ನೊಂದು. ಎರಡಕ್ಕೂ ಅದೇ ಜಾಗದ ಕಾಗದಗಳನ್ನು ಮಾಟುಂಗದ ಬ್ಯಾಂಕಿನಲ್ಲಿ ಒತ್ತೆ ಇಟ್ಟಿದ್ದರು. ಎರಡೂ ತೀರಿದ್ದವು. ಮನೆಯ ಒಂದು ಕೋಣೆಯನ್ನು ಅಪ್ಪ ತಮ್ಮ ಅಕ್ಕನಿಗೆ, ಅಂದರೆ ನಮ್ಮ ಅತ್ತೆಗೆ, ದಾನಪತ್ರ ಮಾಡಿ ಕೊಡುವವರಿದ್ದರು. ಚಾಳಿನ ಬಾಡಿಗೆ ಬಿಡಾರದಲ್ಲಿ ನಮ್ಮೊಡನೆ ಎಂಟು ವರ್ಷ ಅಡಿಗೆಮನೆಯಲ್ಲಿ ಮಲಗಿದವರು ಅವರು. ಸೋಮವಾರ ನೋಂದಣಿ. ಜಾಗದ ಅಸಲು ಖರೀದಿ ಪತ್ರ ಕಣ್ಣಿಗೆ ಬೀಳದೆ ದಾನಪತ್ರ ಬರೆಯುವುದಿಲ್ಲವೆಂದು ವಕೀಲರು ಹೇಳಿದ್ದರು. ಅಂದು ಶನಿವಾರ, ಬ್ಯಾಂಕು ಅರ್ಧ ದಿನ.

ಹೆಡ್ ಕ್ಲಾರ್ಕ್ ಮಂಗಳೂರಿನ ಕಡೆಯವರು. ಬ್ಯಾಂಕಿಗೆ ಏನೂ ಬಾಕಿ ಇಲ್ಲವೆನ್ನುವ ಬೇಬಾಕಿ ಪತ್ರ, ಖಾತೆ ಮುಚ್ಚಿದ ಪತ್ರ, ಒಂದು ದಪ್ಪ ಲಕೋಟೆ, ಮೂರನ್ನೂ ಮೇಜಿನ ಮೇಲಿಟ್ಟರು. ಓದುವ ಮೊದಲೇ ಅಪ್ಪ ಕೌಂಟರಿನ ಈ ತುದಿಯಿಂದ ಆ ತುದಿಗೆ ಪೇಡೆ ಹಂಚಿಬಿಟ್ಟರು. ಮ್ಯಾನೇಜರರೂ ತಿಂದರು.

ನಾನು ಲಕೋಟೆ ಬಿಚ್ಚಿದೆ. ಖರೀದಿ ಪತ್ರವಿತ್ತು. ಆದರೆ ಸಹಿ ಇರಬೇಕಾದ ಕಡೆ ‘ಸಹಿ’ ಎಂದು ಟೈಪ್ ಮಾಡಿತ್ತು, ಕೊನೆಯಲ್ಲಿ ನಕಲೆಂಬ ಮುದ್ರೆ. ಬೇಬಾಕಿ ಪತ್ರ ನೋಡಿದೆ. ಅದರಲ್ಲಿದ್ದದ್ದು ಒಂದೇ ಖಾತೆಯ ನಂಬರು.

“ಅಪ್ಪಾ, ಇದು ಬರೇ ಗೋಡೆ ಸಾಲದ್ದು.”

ಅಪ್ಪನ ಬಾಯಲ್ಲಿ ಪೇಡೆ ಇತ್ತು. ಅತ್ತೆ ಮಾತ್ರ ಗಟ್ಟಿಯಾಗಿ ನಕ್ಕರು. “ಅಂದ್ರ ಗ್ವಾಡಿ ನಮ್ದು, ಛಾವಣಿ ಬ್ಯಾಂಕಿಂದು! ಮಳಿ ಬಂದ್ರ ಇವ್ರ್ ಬಂದು ಛತ್ರಿ ಹಿಡೀತಾರೇನು, ತಮ್ಮಾ?”

“ಅರ್ಜಿಯಲ್ಲಿ ನೀವು ಬರೆದದ್ದೇ ಒಂದು ನಂಬ್ರ, ಮಾರಾಯ್ರೇ,” ಎಂದರು ಕ್ಲಾರ್ಕ್. “ಇನ್ನೊಂದುಂಟು ಅಂತ ನಾನು ಕನಸು ಕಾಣ್ಬೇಕಾ?”

ಅರ್ಜಿ ತಂದು ತೋರಿಸಿದರು. ಅಕ್ಷರ ನನ್ನದೇ. ಅಪ್ಪ ಹೇಳಿದ್ದು, ನಾನು ಬರೆದದ್ದು. ಆಗ ಎದುರಿಗಿದ್ದದ್ದು ಗೋಡೆಯ ಪಾಸ್‌ಬುಕ್ ಒಂದೇ. ಕಿವಿ ಬಿಸಿಯಾಯಿತು.

“ಛಾವಣಿದು ಇಲ್ಲೈತಿ,” ಎಂದು ಅತ್ತೆ ಚೀಲದಿಂದ ಎರಡನೆಯ ಪಾಸ್‌ಬುಕ್ ತೆಗೆದರು. ತಮ್ಮ ತಲೆಯ ಮೇಲೆ ಬರುವ ಛಾವಣಿಯೆಂದು ಅದನ್ನು ಅಷ್ಟು ದಿನ ತಮ್ಮ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದರು. ನಮಗ್ಯಾರಿಗೂ ಹೇಳಿರಲಿಲ್ಲ.

ಕ್ಲಾರ್ಕ್ ಲೆಡ್ಜರ್ ತಿರುವಿದರು. ಬಾಕಿ ಸೊನ್ನೆ, ಖಾತೆ ಮುಚ್ಚಿರಲಿಲ್ಲ, ಅಷ್ಟೇ. ಎರಡನೆಯ ಸಾಲ ಕೊಡುವಾಗ ಅಸಲು ಪತ್ರವನ್ನೂ ಮನೆಯ ನಕ್ಷೆಯನ್ನೂ ಆ ಖಾತೆಯ ಲಕೋಟೆಗೆ ಹಾಕಿ, ಗೋಡೆಯ ಸಾಲದ ಈ ಲಕೋಟೆಯಲ್ಲಿ ನಕಲು ಉಳಿಸಿದ್ದರಂತೆ.

“ಸೋಮವಾರ ಬನ್ನಿ.”

“ಪೇಡೆ ತಿಂದೀರಿ,” ಎಂದರು ಅತ್ತೆ.

ಕ್ಲಾರ್ಕ್ ಮ್ಯಾನೇಜರರನ್ನು ನೋಡಿದರು. ಮ್ಯಾನೇಜರರು ಬೆರಳು ಒರೆಸಿಕೊಂಡು ತಮ್ಮ ಬೀಗದ ಕೈ ತೆಗೆದರು. ತಿಜೋರಿಗೆ ಎರಡು ಕೀಲಿ. ಇನ್ನೊಂದು ಕ್ಯಾಷಿಯರರ ಬಳಿ, ಅವರ ಬಾಯಲ್ಲೂ ಪೇಡೆ.

ಅಪ್ಪ ಹೊಸ ಅರ್ಜಿಗೆ ಸಹಿ ಮಾಡಿದರು. ಹೊಸ ಪತ್ರ ಟೈಪಾಗುವಾಗ ನಾನು ಮೆಲ್ಲಗೆ ಕೇಳಿದೆ: ಎರಡೂ ನಂಬರು ಬರಲಿ, ಈ ಜಾಗದ ಮೇಲೆ ಬೇರೆ ಸಾಲಕ್ಕಾಗಲಿ ಜಾಮೀನಿಗಾಗಲಿ ಬ್ಯಾಂಕಿನ ಹಕ್ಕು ಉಳಿದಿಲ್ಲವೆಂದು ಬರಲಿ, ಮರಳಿಸಿದ ಕಾಗದಗಳ ಪಟ್ಟಿ ಬರಲಿ. ಕ್ಲಾರ್ಕ್ ತಲೆ ಎತ್ತದೆ, “ಈ ಹುಡುಗಿಗೆ ಇಲ್ಲೇ ಕೆಲಸ ಕೊಡಿ ಸಾರ್,” ಎಂದರು. ಒತ್ತೆ ಇಟ್ಟ ದಿನ ಬ್ಯಾಂಕು ಕೊಟ್ಟಿದ್ದ ಪಟ್ಟಿಗೆ ತಿಜೋರಿಯಿಂದ ಬಂದ ಛಾವಣಿಯ ಲಕೋಟೆಯ ಕಾಗದ ಒಂದೊಂದನ್ನೂ ತಾಳೆ ನೋಡಿದೆ. ಖರೀದಿ ಪತ್ರದಲ್ಲಿ ಶಾಯಿಯ ಸಹಿ, ಹಿಂಬದಿಯಲ್ಲಿ ಹೆಬ್ಬೆಟ್ಟಿನ ಗುರುತು. ಅಸಲು. ಆಮೇಲೆಯೇ ಅಪ್ಪನ ಕೈಗೆ ಪೆನ್ನು ಕೊಟ್ಟು, ಮುಟ್ಟಿತೆಂದು ರಸೀದಿ ಬರೆಸಿದೆ.

ಬ್ಯಾಂಕಿನ ಮೆಟ್ಟಿಲಿಳಿದೊಡನೆ ಅಪ್ಪ, “ಮನಿಗ್ ಹೋಗೂಣು,” ಎಂದರು.

“ಯಾವ ಮನಿ?” ಎಂದರು ಅತ್ತೆ. “ನನ್ನ ಮನಿ ಭಾಂಡುಪ್‌ನಾಗೈತಿ.”

ಊಟ ಮರೆತು ಲೋಕಲ್ ರೈಲು ಹತ್ತಿದೆವು. ಲಕೋಟೆಯನ್ನು ಅತ್ತೆ ಅಪ್ಪನಿಗೆ ಕೊಡಲೊಪ್ಪದೆ ಮಡಿಲಲ್ಲಿಟ್ಟುಕೊಂಡು ನನ್ನೊಡನೆ ಹೆಂಗಸರ ಡಬ್ಬಿಗೆ ಬಂದರು. ಅಪ್ಪ ಪಕ್ಕದ ಡಬ್ಬಿ. ಗಾಡಿ ನಿಂತ ಪ್ರತಿ ಸ್ಟೇಷನ್ನಿನಲ್ಲೂ ಇಳಿದು ನಮ್ಮ ಕಿಟಕಿಗೆ ಓಡಿ ಬರುತ್ತಿದ್ದರು: “ಐತೇನಕ್ಕಾ?” ಅತ್ತೆ ಲಕೋಟೆ ಎತ್ತಿ ತೋರಿಸುವರು. “ಓಡು, ಗಾಡಿ ಬಿಡತೈತಿ!” ಅಪ್ಪ ಧೋತರ ಹಿಡಿದು ಓಡುವರು. ಕುರ್ಲಾ ದಾಟುವ ಹೊತ್ತಿಗೆ ಡಬ್ಬಿಯ ಹೆಂಗಸರೆಲ್ಲ ನಗುತ್ತಿದ್ದರು. ವಿಕ್ರೋಳಿಯಲ್ಲಿ ಅಪ್ಪ ಬರುವ ಮೊದಲೇ ಒಬ್ಬ ಮರಾಠಿ ಮುದುಕಿ ಕಿಟಕಿಯಿಂದ ಕೈ ಬೀಸಿ, ಇದೆ ಇದೆಯೆಂದು ಕೂಗಿದಳು: “ಆಹೇ, ಆಹೇ!”

ಭಾಂಡುಪ್‌ನಲ್ಲಿ ಅತ್ತೆ ಚಪ್ಪಲಿ ಬಿಟ್ಟು ತಮ್ಮ ಕೋಣೆಯೊಳಗೆ ಹೋದರು. ಬರಿ ನೆಲದ ನಡುವೆ ಲಕೋಟೆ ತಲೆಯಡಿ ಇಟ್ಟುಕೊಂಡು, ಇಳಕಲ್ ಸೀರೆಯಲ್ಲೇ ಉದ್ದಕ್ಕೆ ಮಲಗಿ ಛಾವಣಿ ನೋಡಿದರು.

“ಕಾಲು ಚಾಚಿದ್ರೂ ಗ್ವಾಡಿ ಸಿಗವಲ್ದು ನೋಡ,” ಎಂದರು ನನಗೆ.

ನಾನೂ ಪಕ್ಕದಲ್ಲಿ ಮಲಗಿದೆ.