ಪುಟ್ಟಿ ಮನೆಯ ಕರೆಂಟ್ ಬಿಲ್ಲು

ನನ್ನ ಝೆರಾಕ್ಸ್ ಅಂಗಡಿಗೂ ಹೊಲಿಗೆಯಕ್ಕನ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ ಮಾತ್ರ. ಅವಳ ಮಿಷನ್ ಸದ್ದು ನಿಂತರೆ ನನಗೆ ಗೊತ್ತಾಗುತ್ತದೆ, ನಾನು ಗಿರಾಕಿಯ ಮೇಲೆ ರೇಗಿದರೆ ಅವಳಿಗೆ ಗೊತ್ತಾಗುತ್ತದೆ. ರೇಗುವುದು ನನ್ನ ಹುಟ್ಟುಗುಣ. ಹೊಲಿಗೆಯಕ್ಕ ಆಚೆಯಿಂದ ಗೋಡೆ ತಟ್ಟುತ್ತಾಳೆ, ನಾನು ತಣ್ಣಗಾಗುತ್ತೇನೆ.

ಅವಳದು ಆಲ್ಟರೇಷನ್ ಕೆಲಸ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಕಿತ್ತುಹೋದ ಜಿಪ್ ಬದಲಿಸುವುದು. ಕೈ ಯಾವಾಗಲೂ ಬಟ್ಟೆಯ ಮೇಲೆ ಇರುವುದರಿಂದ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾಳೆ. ಹಾಗಾಗಿ ಅವಳ ಬದುಕಿನ ಅರ್ಧ ನನ್ನ ಕಿವಿಗೆ ಬಿದ್ದಿದೆ. ಉಳಿದರ್ಧ ಚಹಾ ಹೊತ್ತಿನಲ್ಲಿ ಅವಳೇ ಹೇಳಿದ್ದು.

ಲೋಕದಲ್ಲಿ ಕರೆಂಟ್ ಬಿಲ್ ಜಾಸ್ತಿ ಬಂತು ಎಂದು ಖುಷಿಪಡುವ ಜೀವ ಇದೊಂದೇ ಇರಬೇಕು. ತಿಂಗಳಿಗೊಮ್ಮೆ ಅವಳ ಫೋನಿಗೆ ಬ್ಯಾಂಕಿನಿಂದ ಮೆಸೇಜ್ ಬರುತ್ತಿತ್ತು, ನಿಮ್ಮ ಕಾರ್ಡಿನಿಂದ ವಿದ್ಯುತ್ ಕಂಪನಿಗೆ ಇಷ್ಟು ಹೋಯಿತು ಎಂದು. ಮೊತ್ತ ಏರಿದ್ದರೆ, "ನೋಡು, ಪುಟ್ಟಿ ಮನೇಲಿ ನೆಂಟರು ಬಂದಿದ್ರು ಅನ್ಸುತ್ತೆ" ಎನ್ನುವಳು. ಇಳಿದಿದ್ದರೆ ಆ ದಿನವೆಲ್ಲ ಮುಖ ಬಾಡಿರುತ್ತಿತ್ತು. ಒಮ್ಮೆ ಇದ್ದಕ್ಕಿದ್ದಂತೆ ಬಿಲ್ ಬಹಳ ಏರಿದಾಗ, ವಾಷಿಂಗ್ ಮಿಷನ್ ದಿನಾ ಓಡುತ್ತಿದೆ, ಪುಟ್ಟಿಗೆ ಮಗು ಆಗಿದೆ ಎಂದು ತಾನೇ ತೀರ್ಮಾನಿಸಿ ನನಗೆ ಬಿಸ್ಕತ್ತು ತಂದುಕೊಟ್ಟಳು. ಆಮೇಲೆ ಯಾರೋ ಪರಿಚಯದವರು ಹೇಳಿದರು, ಹೌದಂತೆ, ಹೆಣ್ಣು ಮಗು.

ಪುಟ್ಟಿ ಅಂದರೆ ತಂಗಿ. ತಾಯಿ ತೀರಿಕೊಂಡ ಮೇಲೆ ಅಕ್ಕನೇ ಅವಳನ್ನು ಎತ್ತಿ ಬೆಳೆಸಿದ್ದು, ಓದಿಸಿದ್ದು, ಮದುವೆ ಮಾಡಿದ್ದು. ಅಕ್ಕ, ಪುಟ್ಟಿ, ಪುಟ್ಟಿಯ ಗಂಡ, ಮೂವರೂ ಒಂದೇ ಮನೆಯಲ್ಲಿದ್ದರು. ಅಕ್ಕನಿಗೆ ಒಂದು ಚಟ: ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿದರೆ ಸೈರಿಸಳು. ಆರಿಸುತ್ತಾ, ಗೊಣಗುತ್ತಾ ಮನೆಯೆಲ್ಲ ಸುತ್ತುವಳು. ಮೂರು ವರ್ಷದ ಹಿಂದೆ ಒಂದು ಸಂಜೆ ಪುಟ್ಟಿಗೆ ತಡೆಯಲಾಗಲಿಲ್ಲ. ಕರೆಂಟ್ ಬಿಲ್ ಕಟ್ಟಿದ ಮಾತ್ರಕ್ಕೆ ನೀನೇ ಮನೆ ಯಜಮಾನಿಯಾ ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಹೊಲಿಗೆ ಮಿಷನ್ ಹೊರಿಸಿಕೊಂಡು ಊರಿನ ಈ ತುದಿಗೆ ಬಂದಳು. ಇಬ್ಬರಲ್ಲಿ ಯಾರೂ ಫೋನ್ ಮಾಡಲಿಲ್ಲ. ಆದರೆ ಆ ಬಿಲ್ಲಿಗೆ ಜೋಡಿಸಿದ್ದ ತನ್ನ ಕಾರ್ಡನ್ನು ಅಕ್ಕ ತೆಗೆಯಲೂ ಇಲ್ಲ, ಪುಟ್ಟಿ ತೆಗೆಸಲೂ ಇಲ್ಲ. ಮೂರು ವರ್ಷ ಅಕ್ಕ ತಂಗಿಯರ ನಡುವೆ ಓಡಾಡಿದ್ದು ಅದೊಂದೇ.

ಈ ವರ್ಷ ಬ್ಯಾಂಕಿನವರು ಅವಳ ಕಾರ್ಡ್ ಬದಲಿಸಿದರು. ಎಲ್ಲೋ ಯಾವುದೋ ಅಂಗಡಿಯಿಂದ ಕಾರ್ಡುಗಳ ವಿವರ ಸೋರಿಹೋಗಿದೆಯಂತೆ, ಹಳೆಯದನ್ನು ಮುಚ್ಚಿದ್ದೇವೆ ಎಂದು ಹೊಸದನ್ನು ಕಳಿಸಿದರು. ನಂಬರೂ ಹೊಸದು, ಮುಗಿಯುವ ತಾರೀಖೂ ಹೊಸದು. ಅಕ್ಕ ಹಳೆಯದನ್ನು ಬಟ್ಟೆ ಕತ್ತರಿಯಲ್ಲೇ ಕತ್ತರಿಸಿ ಹಾಕಿದಳು. ಫೋನ್ ಕಂಪನಿಯಿಂದ ಹಣ ಬಂದಿಲ್ಲ ಎಂದು ಮೆಸೇಜ್ ಬಂತು. ನಾನೇ ಕೂತು ಹೊಸ ನಂಬರ್ ಹಾಕಿಕೊಟ್ಟೆ. ಕರೆಂಟ್ ಕಂಪನಿಯಿಂದ ಏನೂ ಬರಲಿಲ್ಲ. ಒಂದು ತಿಂಗಳು ಕಳೆಯಿತು. ಎರಡನೆಯ ತಿಂಗಳೂ ಬ್ಯಾಂಕಿನ ಮೆಸೇಜ್ ಇಲ್ಲ. ಮಿಷನ್ ಆಗಾಗ ನಿಲ್ಲತೊಡಗಿತು.

ಒಂದು ಮಧ್ಯಾಹ್ನ ಅವಳು ಬಂದು ನನ್ನ ಕೌಂಟರಿಗೆ ಒರಗಿ ನಿಂತಳು. ಬ್ಯಾಂಕಿಗೆ ಫೋನ್ ಮಾಡಿದ್ದಳಂತೆ. ಕಾರ್ಡ್ ಬದಲಾದಾಗ ಕೆಲವು ಕಂಪನಿಗಳಿಗೆ ಹೊಸ ನಂಬರ್ ತಾನಾಗಿ ಹೋಗುತ್ತದೆ, ಎಲ್ಲದಕ್ಕೂ ಹೋಗುವುದಿಲ್ಲ. ಹೋಗದ ಕಡೆ ನೀವೇ ಹಾಕಬೇಕು ಎಂದರಂತೆ. ಅಕ್ಕ ಹೇಳಿದ ಮೀಟರಿನ ಖಾತೆ ನಂಬರನ್ನು ನಾನು ಕಂಪ್ಯೂಟರಿನಲ್ಲಿ ಹೊಡೆದು ನೋಡಿದೆ. ಬಾಕಿ ಸೊನ್ನೆ ಎಂದು ಬಂತು.

ಅಕ್ಕ ಬಗ್ಗಿ ಆ ಸೊನ್ನೆಯನ್ನು ನೋಡಿದಳು. "ಹಂಗಾದ್ರೆ ಅವಳೇ ಕಟ್ಟಿದಾಳೆ. ನನ್ ಕಾರ್ಡ್ ತೆಗ್ದು ಹಾಕಿದಾಳೆ," ಎಂದಳು. "ಇದೊಂದಿತ್ತು. ಇದೂ ಹೋಯ್ತು."

ನನಗೆ ರೇಗಿತು. ಸಂಕಟ ಕಂಡರೆ ನನಗೆ ಬರುವುದು ಕೋಪವೇ. ತೆಗೆದಿದ್ದಾಳೋ, ಮುಚ್ಚಿಹೋದ ಕಾರ್ಡು ಫೇಲಾಗಿ ಪಾಪ ಅವಳೇ ಕಟ್ಟಿದ್ದಾಳೋ ಯಾರಿಗೆ ಗೊತ್ತು, ಒಳಗೆ ಲಾಗಿನ್ ಆಗಿ ನೋಡಿದರೆ ತಿಳಿಯುತ್ತದೆ ಎಂದೆ. ಪಾಸ್‌ವರ್ಡ್ ಅಕ್ಕನಿಗೆ ನೆನಪಿಲ್ಲ. ಆನ್‌ಲೈನ್ ಖಾತೆ ತೆರೆದದ್ದು ಪುಟ್ಟಿಯೇ, ತನ್ನದೇ ಫೋನು ಮತ್ತು ಮೇಲ್ ಕೊಟ್ಟು. ಹಣ ಬಂದಿಲ್ಲ ಎಂಬ ಕಂಪನಿಯ ಮೆಸೇಜ್ ಅಕ್ಕನಿಗೆ ಯಾಕೆ ಬರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಈಗ ಹೊಸ ಪಾಸ್‌ವರ್ಡ್ ಬೇಕೆಂದರೆ ಓಟಿಪಿ ಹೋಗುವುದೂ ಪುಟ್ಟಿಯ ಫೋನಿಗೇ. "ಒತ್ಲಾ ಅಕ್ಕ?" ಎಂದು ಕೇಳಿದೆ.

ಅವಳು ಬೇಡ ಎಂದಳು. ಆಮೇಲೆ ಬಟ್ಟೆಗೆ ಗುರುತು ಮಾಡುವ ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿಮಾಡುತ್ತಾ, ಪುಟ್ಟಿಯ ದನಿ ಮರೆತುಹೋಗುತ್ತಿದೆ ಕಣೋ ಎಂದಳು. ಎಷ್ಟು ನೆನಸಿಕೊಂಡರೂ ಚಿಕ್ಕವಳಿದ್ದಾಗಿನ ದನಿಯೇ ಕೇಳುತ್ತದಂತೆ. ನಾನು ಇನ್ನೇನೂ ಕೇಳದೆ ಒತ್ತಿಬಿಟ್ಟೆ.

ಅಕ್ಕನ ಫೋನ್ ರಿಂಗಾಯಿತು. ಅಭ್ಯಾಸಬಲದಿಂದ ಸ್ಪೀಕರಿಗೆ ಹಾಕಿದಳು.

"ಬರ್ಕೋ," ಎಂದಿತು ಆ ಕಡೆಯ ಹೆಣ್ಣುದನಿ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಆರು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿತು. "ಯಾರಿಗೂ ಹೇಳ್ಬೇಡಿ ಅಂತ ಮೆಸೇಜಲ್ಲಿದೆ. ನೀನು ಯಾರೋ ಅಲ್ವಲ್ಲ, ಅದಕ್ಕೆ ಹೇಳ್ತಿದೀನಿ."

ಅಕ್ಕ ಬರೆದುಕೊಳ್ಳಲಿಲ್ಲ. ನಾನೂ ಟೈಪ್ ಮಾಡಲಿಲ್ಲ. ಕೊನೆಗೆ ಅಕ್ಕ ಕೇಳಿದ್ದು, "ಈ ಸಲ ಬಿಲ್ ಎಷ್ಟು ಬಂತು?"

ಪುಟ್ಟಿ ಹೇಳಿದಳು.

"ಯಾಕೆ ಅಷ್ಟು ಕಮ್ಮಿ? ಮೈಗೆ ಹುಷಾರಿಲ್ವಾ?"

"ಹುಷಾರಾಗಿದೀನಿ. ಯಾರೂ ಇಲ್ಲದ ರೂಮಲ್ಲಿ ಲೈಟ್ ಆರಿಸ್ತಾ ಓಡಾಡ್ತೀನಿ ಈಗ. ನಿನ್ ಥರ." ದನಿ ಒಡೆಯಿತು. "ಕಾರ್ಡ್ ನಡೀತಿಲ್ಲ ಅಂತ ಮೇಲ್ ಬಂತು ಅಕ್ಕ. ನಿಂಗೇನೋ ಆಗೋಯ್ತು ಅಂದ್ಕೊಂಡೆ. ಫೋನ್ ಮಾಡಕ್ಕೆ ಹೆದರಿಕೆ ಆಯ್ತು, ಎತ್ತೋರು ಬೇರೆ ಯಾರಾದ್ರೂ ಆದ್ರೆ ಅಂತ."

ತಿಂಗಳಿಗೊಮ್ಮೆ ಹಣ ಸಂದಾಯವಾಗಿದೆ ಎಂದು ಬರುವ ಮೇಲನ್ನು ಅವಳೂ ಕಾಯುತ್ತಿದ್ದಳಂತೆ. ಇವಳು ಬಿಲ್ಲಿನಲ್ಲಿ ಅವಳನ್ನು ಓದುತ್ತಿದ್ದಳು, ಅವಳು ರಸೀದಿಯಲ್ಲಿ ಇವಳನ್ನು.

ಅಷ್ಟರಲ್ಲಿ ಓಟಿಪಿಯ ಹೊತ್ತು ಮೀರಿತ್ತು. ಎರಡನೆಯದೂ ಇವರ ಮಾತಿನಲ್ಲೇ ಮುಗಿದುಹೋಯಿತು. ಮೂರನೆಯದರಲ್ಲಿ ಒಳಗೆ ಹೋದೆ. ಹಳೆಯ ಕಾರ್ಡಿನ ಕೊನೆಯ ನಾಲ್ಕು ಅಂಕಿ ಅಲ್ಲೇ ಕೂತಿದ್ದವು, ಪಕ್ಕದಲ್ಲಿ ಪಾವತಿ ವಿಫಲ ಎಂಬ ಕೆಂಪಕ್ಷರ. ಯಾರೂ ತೆಗೆದಿರಲಿಲ್ಲ. ಹಳೆಯದನ್ನು ಅಳಿಸಿ ಹೊಸ ನಂಬರು, ಹೊಸ ತಾರೀಖು ತುಂಬಿದೆ. ಬ್ಯಾಂಕಿನ ಓಟಿಪಿ ಈ ಸಲ ಅಕ್ಕನ ಫೋನಿಗೇ ಬಂತು. ದುಡ್ಡು ಬೇಕಾದರೆ ನಾನು ಕೊಡುತ್ತೇನೆ, ಕಾರ್ಡು ಮಾತ್ರ ನಿನ್ನದೇ ಇರಲಿ ಎಂದು ಪುಟ್ಟಿ ಮೂರು ಸಲ ಹೇಳಿದಳು. ಬಾ ಎಂದು ಮಾತ್ರ ಅವಳು ಕರೆಯಲಿಲ್ಲ, ಬರಲಾ ಎಂದು ಇವಳೂ ಕೇಳಲಿಲ್ಲ. ಒಂದೇ ಮಣ್ಣಿನ ಮಡಕೆಗಳು.

ಆ ತಿಂಗಳು ಮಿಷನ್ ಓಡಿತು, ಆದರೆ ಅಕ್ಕನ ಕಣ್ಣು ಫೋನಿನ ಮೇಲೆಯೇ ಇತ್ತು. ಕೊನೆಗೆ ಮೆಸೇಜ್ ಬಂತು. ಅಕ್ಕ ಓದಿ ನನಗೆ ತೋರಿಸಿದಳು. ಬಿಲ್ ಹಿಂದೆಂದೂ ಇಲ್ಲದಷ್ಟು ಏರಿತ್ತು. ಎಲ್ಲ ಕೋಣೆಯಲ್ಲೂ ಹಗಲು ರಾತ್ರಿ ಎಲ್ಲವನ್ನೂ ಉರಿಸದೆ ಅಷ್ಟು ಬರುವಂತಿರಲಿಲ್ಲ.

ಅಕ್ಕ ಕೈಯಲ್ಲಿದ್ದ ಪ್ಯಾಂಟನ್ನು ಅರ್ಧಕ್ಕೇ ಮಡಚಿಟ್ಟು ಶಟರ್ ಎಳೆದಳು. ಎಲ್ಲಿಗೆ ಎಂದೆ.

"ಆ ಹುಡುಗಿ ಒಂದು ಲೈಟೂ ಆರಿಸ್ತಿಲ್ಲ ಕಣೋ," ಎಂದಳು, ಬಸ್ ಸ್ಟಾಪಿನ ಕಡೆ ಆಗಲೇ ನಡೆಯುತ್ತಾ. "ಹೋಗಿ ಆರಿಸಿ ಬರ್ತೀನಿ."