ಗಂಟೆಯೊಳಗೆ ಏನಿದೆಯೆಂದು ಹೇಳದೆ ಉಳಿದದ್ದು

ಅನಿಕಾ, ವಿಹಾನ್, ಅಮೆರಿಕದ ಪಿಸ್ಕಾಟವೇಯ ಈ ಮನೆಯಲ್ಲಿ ಹಗಲು ಹೊತ್ತು ಮಾತಾಡುವುದು ಫ್ರಿಜ್ ಒಂದೇ. ಅದೂ ಮನಸ್ಸು ಬಂದಾಗ ಗುರ್ ಎಂದು ಸುಮ್ಮನಾಗುತ್ತದೆ. ನಿಮ್ಮ ತಾತ ಹೋದ ಮೇಲೆ ನಾನೂ ಹೆಚ್ಚುಕಡಿಮೆ ಅದರಂತೆಯೇ ಆಗಿದ್ದೆ. ಹಾಗಿರುವಾಗ ನಿಮ್ಮ ಕನ್ನಡ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಜನರನ್ನು ಸೆಳೆಯುವ ಪುಟ್ಟ ವಿಡಿಯೊ, ಅಂದರೆ ಟೀಸರ್, ಬರೆದುಕೊಡೆಂದು ಅನಿಕಾ ಕೇಳಿದಳು. ಹೋದ ವರ್ಷ ತಮ್ಮ ತಮ್ಮ ಮಕ್ಕಳ ಡ್ಯಾನ್ಸ್ ಮುಗಿದೊಡನೆ ಜನ ಕಾರು ಹತ್ತಿದ್ದರು, ಕೊನೆಯಲ್ಲಿದ್ದ ನಾಟಕಕ್ಕೆ ಖಾಲಿ ಕುರ್ಚಿಗಳೇ ಪ್ರೇಕ್ಷಕರು. ಈ ಸಲ ನಾಟಕದ ನಾಯಕಿ ಗೌರಿಯ ಪಾತ್ರ ಅನಿಕಾಳದೇ.

ನಮ್ಮೂರಲ್ಲಿ ಆಟಕ್ಕೆ ಮುಂಚೆ ಕಥೆಯನ್ನೆಲ್ಲ ಸಾರಿಬಿಡುತ್ತಿದ್ದರು. ಗೊತ್ತಿದ್ದ ಕಥೆಗೇ ಜನ ಚಾಪೆ ಹಿಡಿದು ಬರುತ್ತಿದ್ದರು. ಆ ಅಭ್ಯಾಸದಲ್ಲಿ ನಾನೂ ಬರೆದೆ: ಊರಿನ ಗಂಟೆ ಮೂಕವಾಯಿತು, ಗೌರಿ ಗೋಪುರ ಹತ್ತಿದಳು, ಒಳಗೆ ಹಕ್ಕಿ ಗೂಡು ಕಟ್ಟಿತ್ತು, ಹಕ್ಕಿ ಬೆದರದಿರಲೆಂದು ಕಾವಲುಗಾರನೇ ಗಂಟೆಯ ನಾಲಿಗೆಯನ್ನು ಕಟ್ಟಿಹಾಕಿದ್ದ, ಆದುದರಿಂದ ಪ್ರಾಣಿದಯೆ ಇರಲಿ.

“ಅಜ್ಜಿ! ಯೂ ಟೋಲ್ಡ್ ದೆಮ್ ಎವ್ರಿಥಿಂಗ್!” ಎಂದಳು ಅನಿಕಾ.

“ನೀತಿ ಬೇಡವೇನೇ?”

“ನೀತಿ ಬೇಡ, ಡೌಟ್ ಬೇಕು.”

ಅಳಿಸುತ್ತ ಹೋದಾಗ ತಿಳಿಯಿತು, ಟೀಸರ್ ಎಂದರೆ ಉತ್ತರವನ್ನು ಬಚ್ಚಿಟ್ಟು ಪ್ರಶ್ನೆಯನ್ನು ಮಾತ್ರ ಬೆಳೆಸುವ ವಿದ್ಯೆ. ಒಂದು ನಿಮಿಷವೂ ಇಲ್ಲ. ಮೊದಲು ತಲೆಯೆತ್ತಿ ನೋಡುವ ಮುಖಗಳು, ಸದ್ದಿಲ್ಲ. ಹಿನ್ನೆಲೆಯಲ್ಲಿ ಒಂದೇ ಸಾಲು: “ಈ ಊರಿನ ಗಂಟೆ ಯಾಕೆ ಸುಮ್ಮನಾಯಿತು?” ಏಣಿ ಹತ್ತುವ ಗೌರಿಯ ಕಾಲು. “ಮುಟ್ಟಬೇಡ!” ಎಂಬ ಕೂಗು. ಅವಳು ಗಂಟೆಯೊಳಗೆ ಇಣುಕುತ್ತಾಳೆ. ನಮಗೆ ಕಾಣುವುದು ಅವಳ ಕಣ್ಣರಳಿದ್ದು ಮಾತ್ರ, ಕಂಡದ್ದಲ್ಲ. ಅಂಗೈಗೆ ಒಂದು ಪುಕ್ಕ ಬೀಳುತ್ತದೆ. ಕತ್ತಲೆ. ಆಮೇಲಷ್ಟೇ ನಾಟಕದ ಹೆಸರು, ದಿನ, ಜಾಗ. ಚಿಲಿಪಿಲಿ ಸೇರಿಸೋಣವೆಂದೆ; ಗುಟ್ಟು ರಟ್ಟಾಗುತ್ತದೆಂದು ಅನಿಕಾ ಒಪ್ಪಲಿಲ್ಲ. ಕೊನೆಯ ದೃಶ್ಯದ ಒಂದು ತುಣುಕೂ ಸೇರಲಿಲ್ಲ.

ಆ ‘ಮುಟ್ಟಬೇಡ!’ ಕೂಗು ನನ್ನದೇ ಆಗಬೇಕಂತೆ. ನಾಲ್ಕು ಜನರೆದುರು ಹೆಸರು ಹೇಳಲೂ ತಡವರಿಸುವವಳು ನಾನು. ರೆಕಾರ್ಡ್ ಮಾಡಲು ಹಿಡಿದ ಫೋನಿನ ಮುಂದೆ ಬರೀ ಪಿಸುಗುಟ್ಟಿದೆ.

“ಅಜ್ಜಿ, ನಾನು ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದಾಗ ಕಿರುಚ್ತೀಯಲ್ಲ, ಲೈಕ್ ದ್ಯಾಟ್!” ಎಂದ ವಿಹಾನ್. ಕಿರುಚಿದೆ. ಅವನೇ ಒಂದು ಹೆಜ್ಜೆ ಹಿಂದೆ ಸರಿದ.

ಟೀಸರ್ ಪೋಷಕರ ವಾಟ್ಸಾಪ್ ಗುಂಪಿಗೆ ಹೋಯಿತು. ವಾರ್ಷಿಕೋತ್ಸವದ ದಿನ ಡ್ಯಾನ್ಸ್ ಮುಗಿದಾಗ ಕೋಟು ಹಾಕಿಕೊಳ್ಳುತ್ತಿದ್ದ ಪಕ್ಕದ ಹೆಂಗಸು ನನ್ನತ್ತ ಬಾಗಿದಳು. “ಆಂಟಿ, ಆ ಗಂಟೆಯೊಳಗೆ ಏನಿದೆ, ನಿಮಗೆ ಗೊತ್ತಾ?”

ಎಷ್ಟು ಕಾಲದ ಮೇಲೆ ಹೊರಗಿನವರೊಬ್ಬರು ನನ್ನನ್ನು ಏನಾದರೂ ಕೇಳಿದ್ದು! ಹೇಳಿಬಿಟ್ಟಿದ್ದರೆ ಇನ್ನೆರಡು ಮಾತು ದಕ್ಕುತ್ತಿತ್ತೇನೋ; ಆದರೆ ಉತ್ತರ ಸಿಕ್ಕರೆ ಅವಳು ಎದ್ದುಹೋಗುವಳು, ಅನಿಕಾಳ ಮುಂದೆ ಒಂದು ಕುರ್ಚಿ ಖಾಲಿಯಾಗುವುದು.

“ನೀವೇ ನೋಡಿಮ್ಮ,” ಎಂದೆ.

ಅವಳು ಕೋಟು ಮಡಿಲಲ್ಲಿಟ್ಟು ಕೂತಳು. ಹಿಂದೆ ತಿರುಗಿದರೆ ಬಾಗಿಲ ಬಳಿಯೂ ಜನ ನಿಂತಿದ್ದರು. ಗೂಡು ಕಂಡ ಕ್ಷಣ ಅವಳು ನನ್ನ ಕೈ ಹಿಡಿದಳು. ದೀಪ ಬರುವವರೆಗೂ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಕನ್ನಡವನ್ನು ನೀವು ಇನ್ನೂ ಕೂಡಿಸಿ ಕೂಡಿಸಿ ಓದುತ್ತೀರಿ. ಅವಸರವಿಲ್ಲ. ಸರಾಗವಾಗಿ ಓದಲು ಬರುವವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.