ಎರಡು ಗಂಟೆಯ ಬೆಲೆ

ಔಷಧಿ ಸಗಟು ಕಂಪನಿಯ ಹಣಕಾಸು ವಿಭಾಗದಲ್ಲಿ ಅವಳಿಗೆ ಹದಿನೇಳು ವರ್ಷ ಸವೆದಿತ್ತು. ಎಲ್ಲರ ಬಾಯಲ್ಲಿ ‘ಲೆಕ್ಕದ ಮೇಡಂ’. ಯಾರಾದರೂ ಹೊಸ ಕುರ್ಚಿ ಬೇಕೆಂದರೂ “ಅದರಿಂದ ಏನು ಬರುತ್ತೆ?” ಎಂದು ಕೇಳುವ ಹೆಂಗಸು. ಆ ಪ್ರಶ್ನೆಯನ್ನು ಜನ್ಮದಲ್ಲಿ ಒಂದೇ ಒಂದು ಸಲ ಕೇಳುವುದು ಮರೆತಳು ನೋಡಿ, ಅದೇ ಕುತ್ತಿಗೆಗೆ ಬಂತು.

ಬಿಲ್ ಕೋಣೆಗೆ ಹೊಸ ಸಾಫ್ಟ್‌ವೇರ್ ತರಬೇಕೆಂದು ನಿರ್ದೇಶಕರಿಗೆ ಆಸೆ. ಕೊಳ್ಳಲು ಮೂವತ್ತು ಲಕ್ಷ, ಆಮೇಲೆ ವರ್ಷಕ್ಕೆ ಐದು ಲಕ್ಷ ನಿರ್ವಹಣೆ. ಮುಂದೆ ಬರುವ ರೂಪಾಯಿ ಇವತ್ತಿನದಷ್ಟು ಬಾಳದು ಎಂದು ಐದು ವರ್ಷದ ಲಾಭವನ್ನು ಇವತ್ತಿನ ಬೆಲೆಗೆ ಇಳಿಸಿ, ಅದರಲ್ಲಿ ಆ ಮೂವತ್ತು ಲಕ್ಷ ಕಳೆದರೆ ಉಳಿಯುವುದೇ ಎನ್‌ಪಿವಿ. ಅದು ಸೊನ್ನೆಗಿಂತ ಮೇಲಿದ್ದರೆ ಆಡಳಿತ ಮಂಡಳಿ ಒಪ್ಪುತ್ತದೆ, ಕೆಳಗಿದ್ದರೆ ಕಡತ ಮೂಲೆಗೆ ಬೀಳುತ್ತದೆ.

ಅವಳು ಶ್ರದ್ಧೆಯಿಂದಲೇ ಕೂತಳು. ಬಿಲ್ ಕೋಣೆಯಲ್ಲಿ ಹನ್ನೆರಡು ಗುಮಾಸ್ತರು. ಒಂದು ವಾರ ಅವರ ಪಕ್ಕ ಸ್ಟೂಲ್ ಹಾಕಿಕೊಂಡು, ಮೊಬೈಲಿನಲ್ಲಿ ಸಮಯ ಹಿಡಿದು, ದರ ಹುಡುಕುವುದಕ್ಕೆ ಎಷ್ಟು, ಬ್ಯಾಚ್ ನಂಬರ್ ಹೊಡೆಯುವುದಕ್ಕೆ ಎಷ್ಟು, ತಪ್ಪಾದ ಬಿಲ್ ರದ್ದು ಮಾಡುವುದಕ್ಕೆ ಎಷ್ಟು ಎಂದು ಬರೆದುಕೊಂಡಳು. “ನಿಮ್ಮ ಕೆಲಸ ಹಗುರ ಮಾಡೋಕೆ ಕಣ್ರೀ” ಎಂದಳು. ಅವರೂ ನಂಬಿದರು. ಎಲ್ಲ ಬ್ಯಾಚ್ ನಂಬರುಗಳನ್ನೂ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ‘ಬ್ಯಾಚ್ ಮಾಮ’ ಅಂತೂ ತನ್ನ ಟೀ ಲೋಟವನ್ನು ಅವಳ ಕಡೆ ತಳ್ಳಿ, “ಕುಡೀರಿ ಮೇಡಂ, ನಾನು ನಿಧಾನ, ನಿಮಗೆ ಬೇಜಾರಾಗುತ್ತೆ” ಎಂದು ನಕ್ಕಿದ್ದ.

ಒಬ್ಬೊಬ್ಬರಿಗೂ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ ಎಂದು ಬಂತು. ಹನ್ನೆರಡು ಜನಕ್ಕೆ ಇಪ್ಪತ್ನಾಲ್ಕು ಗಂಟೆ. ವರ್ಷಕ್ಕೆ ಮುನ್ನೂರು ದಿನ, ಸಂಬಳದ ಲೆಕ್ಕದಲ್ಲಿ ಗಂಟೆಗೆ ಇನ್ನೂರು ರೂಪಾಯಿ: ಹದಿನಾಲ್ಕು ಲಕ್ಷ ನಲವತ್ತು ಸಾವಿರ. ತಪ್ಪು ಬಿಲ್ ತಪ್ಪುವುದರಿಂದ ಆರು ಲಕ್ಷ. ನಿರ್ವಹಣೆಯ ಐದು ಲಕ್ಷ ಕಳೆದು, ಕಂಪನಿಯ ರೂಢಿಯಂತೆ ಶೇಕಡಾ ಹನ್ನೆರಡರ ದರದಲ್ಲಿ ಇಳಿಸಿದಾಗ ಎನ್‌ಪಿವಿ ಸೊನ್ನೆಗಿಂತ ಇಪ್ಪತ್ತೈದೂವರೆ ಲಕ್ಷ ಮೇಲೆ ನಿಂತಿತು. ಟಿಪ್ಪಣಿ ಕಳಿಸಿ ಹಾಯಾಗಿ ಮನೆಗೆ ಹೋದಳು.

ಸೋಮವಾರ ಸಿಬ್ಬಂದಿ ವಿಭಾಗದವನು ಕಾರಿಡಾರಿನಲ್ಲಿ ಅವಳನ್ನು ಹಿಡಿದು ದನಿ ತಗ್ಗಿಸಿದ. “ಮೇಡಂ, ಆ ಮೂರು ಜನ ಯಾರು ಅಂತ ನೀವೇ ಹೇಳ್ಬಿಟ್ರೆ ಒಳ್ಳೇದಿತ್ತು.”

“ಯಾವ ಮೂರು ಜನ?”

“ಇಪ್ಪತ್ನಾಲ್ಕು ಗಂಟೆ ಅಂದ್ರೆ ಮೂರು ಜನದ ಕೆಲಸ ತಾನೇ? ಹದಿನಾಲ್ಕು ಲಕ್ಷ ನಲವತ್ತು ಸಾವಿರ, ಸರಿಯಾಗಿ ಮೂರು ಜನದ ಸಂಬಳ. ನಿರ್ದೇಶಕ ಸಾಹೇಬರು ಮುಂದಿನ ವರ್ಷದ ಬಜೆಟ್‌ನಿಂದ ಆಗ್ಲೇ ತೆಗೆದುಬಿಟ್ಟಿದಾರೆ. ಬ್ಯಾಚ್ ಮಾಮ ಮೊದಲನೇ ಹೆಸರು. ನಿಧಾನ ಅಂತ ನಿಮ್ಮ ಹಾಳೆಯಲ್ಲೇ ಇದೆಯಲ್ಲ.”

ಎಂಥ ಕೆಲಸ ಮಾಡಿಟ್ಟೆ ಎಂದು ತನ್ನನ್ನೇ ಬೈದುಕೊಂಡಳು. ಉಳಿದ ಗಂಟೆ ಅಂದರೆ ಉಳಿದ ದುಡ್ಡಲ್ಲ, ಅಷ್ಟೂ ತಿಳಿಯದವಳಾ ಅವಳು? ಹನ್ನೆರಡು ಮೇಜಿನಲ್ಲಿ ಅಲ್ಲಿ ಐದು ನಿಮಿಷ, ಇಲ್ಲಿ ಹತ್ತು ನಿಮಿಷ ಉಳಿದರೂ ತಿಂಗಳ ಕೊನೆಗೆ ಹನ್ನೆರಡು ಜನರಿಗೂ ಸಂಬಳ ಹೋಗೇ ಹೋಗುತ್ತದೆ. ಅದನ್ನು ರೂಪಾಯಿ ಮಾಡಿ ಹಾಳೆಗೆ ಹಾಕಿದ ಮೇಲೆ, ಯಾರೋ ಒಬ್ಬರು ಆ ರೂಪಾಯಿಯನ್ನು ಹುಡುಕಿಕೊಂಡು ಬಂದೇ ಬರುತ್ತಾರೆ.

ನೇರವಾಗಿ ನಿರ್ದೇಶಕರ ಕೋಣೆಗೆ ಹೋಗಿ, ಲೆಕ್ಕ ತಪ್ಪಾಗಿದೆ ಎಂದಳು.

“ಶುಕ್ರವಾರ ಮಂಡಳಿ ಸಭೆ,” ಎಂದರು ಅವರು, ತಲೆ ಎತ್ತದೆ. “ನನಗೆ ಸೊನ್ನೆಗಿಂತ ಮೇಲಿರೋ ಅಂಕಿ ಬೇಕು. ಗುರುವಾರ ಸಂಜೆಯೊಳಗೆ ಬೇರೆ ಲೆಕ್ಕ ತನ್ನಿ. ಇಲ್ಲಾಂದ್ರೆ ಹಳೇದೇ ಹೋಗುತ್ತೆ, ಮೂರು ಜನಾನೂ ಹೋಗ್ತಾರೆ.”

ಮೂರು ದಿನ ಅವಳಿಗೆ ಊಟ ರುಚಿಸಲಿಲ್ಲ. ನಿಜವಾಗಿ ನಿಲ್ಲುವ ಖರ್ಚು ಎಲ್ಲೆಲ್ಲಿದೆ ಎಂದು ಕೆದಕಿದಳು. ತಿಂಗಳ ಕೊನೆಯ ಓವರ್‌ಟೈಮ್ ನಿಲ್ಲುತ್ತದೆ: ವರ್ಷಕ್ಕೆ ನಾಲ್ಕು ಲಕ್ಷ, ಪಕ್ಕಾ ನಗದು. ತಪ್ಪು ಬಿಲ್ಲುಗಳ ವಿಷಯದಲ್ಲಿ ಮಾರಾಟಕ್ಕೆ ಬಂದವನು ಅರವತ್ತು ಲಕ್ಷದ ನಷ್ಟ ಎಂದು ಬಡಾಯಿ ಕೊಚ್ಚಿದ್ದ. ಆದರೆ ತಪ್ಪು ಬಿಲ್ಲಿನ ಮೊತ್ತವೆಲ್ಲ ನಷ್ಟವಲ್ಲ. ಬಹುಪಾಲು ತಿದ್ದಿ ವಸೂಲಾಗಿತ್ತು. ಕೈಬಿಟ್ಟು ಹೋದದ್ದು ಎಂಟು ಲಕ್ಷ, ಅದರಲ್ಲಿ ಮುಕ್ಕಾಲನ್ನು ಸಾಫ್ಟ್‌ವೇರ್ ಹಿಡಿಯಬಲ್ಲದು. ಹಾಗಾಗಿ ಆರು ಲಕ್ಷ ಹಾಗೇ ನಿಂತಿತು. ನಾಲ್ಕು ಮತ್ತು ಆರು, ಹತ್ತು. ನಿರ್ವಹಣೆ ಕಳೆದರೆ ಐದು. ಐದು ವರ್ಷದ್ದನ್ನು ಇವತ್ತಿನ ಬೆಲೆಗೆ ಇಳಿಸಿದರೆ ಹದಿನೆಂಟು ಲಕ್ಷ. ಮೂವತ್ತು ಕಳೆದರೆ ಹನ್ನೆರಡು ಲಕ್ಷ ಕೆಳಗೆ. ಎಲ್ಲಿಂದ ತರುವುದು ಹನ್ನೆರಡು ಲಕ್ಷ?

ಎಲ್ಲಿಂದ ಎಂಬುದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ನೋಡಬಾರದೆಂದು ಮುಖ ತಿರುಗಿಸಿಕೊಂಡಿದ್ದಳು, ಅಷ್ಟೇ.

ಸಾಫ್ಟ್‌ವೇರ್ ಶುರುವಾಗುವ ತಿಂಗಳೇ ಬಿಲ್ ಕೋಣೆಯ ಹಿರಿಯ ಗುಮಾಸ್ತರೊಬ್ಬರು ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದಿದ್ದರೆ ಒಂದು ಸಂಬಳ ನಿಜವಾಗಿಯೂ ಉಳಿಯುತ್ತದೆ. ಆ ಜಾಗಕ್ಕಾಗಿ ಎರಡು ವರ್ಷದಿಂದ ಅದೇ ಕೋಣೆಯ ಪಕ್ಕದ ಉಗ್ರಾಣದಲ್ಲಿ ದಿನಗೂಲಿಯ ಮೇಲೆ ಪೆಟ್ಟಿಗೆ ಎಣಿಸುತ್ತ ಕಾದಿದ್ದವಳು ಅವಳ ಸ್ವಂತ ಅಕ್ಕನ ಮಗಳು. ನಿರ್ದೇಶಕರೇ ಮಾತು ಕೊಟ್ಟಿದ್ದರು. ಆ ನಂಬಿಕೆಯ ಮೇಲೆ ಅಕ್ಕ ಮಗಳ ಮದುವೆ ಮಾತು ಕೂಡ ಮುಂದೂಡಿದ್ದಳು: “ಕೆಲಸ ಕಾಯಂ ಆಗ್ಲಿ, ಆಮೇಲೆ ತಲೆ ಎತ್ಕೊಂಡು ಹೋಗ್ಲಿ.” ಅಕ್ಕನ ಮನೆ ಕೆಳಗೆ, ಇವಳದ್ದು ಮೇಲೆ. ಒಂದೇ ಮೆಟ್ಟಿಲು.

ಗುರುವಾರ ಮಧ್ಯಾಹ್ನ ಆ ಸಾಲನ್ನು ಬರೆದಳು. ಬರೆದು, ಅಳಿಸಿ, ಮತ್ತೆ ಬರೆದಳು. ಹೊಸಬಳಿಗೆ ಕೊಡಬೇಕಾಗಿದ್ದ ವರ್ಷದ ಸಂಬಳ, ಮೂರು ಲಕ್ಷ ಅರವತ್ತು ಸಾವಿರ. ಎನ್‌ಪಿವಿ ಒಂದು ಲಕ್ಷ ಮೇಲೆ ಬಂದು ನಿಂತಿತು. ಏನೂ ಸಂತೋಷವಾಗಲಿಲ್ಲ.

ನಿರ್ದೇಶಕರು ಹಾಳೆಯನ್ನು ಎರಡು ಸಲ ಓದಿದರು. “ಇಪ್ಪತ್ತೈದೂವರೆ ಇದ್ದದ್ದು ಒಂದಕ್ಕೆ ಬಂತಲ್ರೀ. ಮಂಡಳಿಯವರು ನಗ್ತಾರೆ.”

“ಇಪ್ಪತ್ತೈದೂವರೆ ಬರೀ ಕಾಗದದ ಮೇಲೆ ಸರ್. ಮೂರು ಜನಾನ ಕಳಿಸಿದ್ರೆ ಅವರ ಕೆಲಸ ಉಳಿದ ಒಂಬತ್ತು ಜನದ ಮೇಲೆ ಬೀಳುತ್ತೆ. ಉಳಿಯೋ ಸಮಯ ಚೂರುಚೂರಾಗಿ ಇರುತ್ತೆ, ಒಂದು ಕಡೆ ಗುಡ್ಡೆ ಬಿದ್ದಿರಲ್ಲ. ತಿಂಗಳ ಕೊನೆಗೆ ಓವರ್‌ಟೈಮ್ ಮತ್ತೆ ಶುರು. ಅವಸರಕ್ಕೆ ತಪ್ಪು ಜಾಸ್ತಿ. ಆ ಆರು ಲಕ್ಷಾನೂ ಹೋಗುತ್ತೆ.”

“ಹಾಗಾದ್ರೆ ಈ ಕೊನೇ ಸಾಲಿಗೆ ಹಿರಿಯರ ಸಂಬಳ ಹಾಕಿ. ಆರು ಲಕ್ಷದ ಮೇಲಿದೆ. ಅಂಕಿ ಚೆನ್ನಾಗಿ ಕಾಣುತ್ತೆ.”

“ಅವರ ಸಂಬಳ ಸಾಫ್ಟ್‌ವೇರ್ ಬಂದ್ರೂ ನಿಲ್ಲುತ್ತೆ, ಬರದಿದ್ರೂ ನಿಲ್ಲುತ್ತೆ. ಸಾಫ್ಟ್‌ವೇರ್‌ನಿಂದ ಉಳಿಯೋದು ಹೊಸದಾಗಿ ಬರೋರ ಸಂಬಳ ಮಾತ್ರ.”

ನಿರ್ದೇಶಕರು ಕನ್ನಡಕ ತೆಗೆದರು. “ಹೊಸದಾಗಿ ಬರೋಳು ನಿಮ್ಮ ಅಕ್ಕನ ಮಗಳಲ್ವಾ?”

“ಹೌದು ಸರ್.”

“ನೋಡಿ, ನಾನೇನು ಕಟುಕ ಅಲ್ಲ. ಹಳೇ ಲೆಕ್ಕಾನೇ ಇರಲಿ. ಮೂರು ಜನ ಹೋಗ್ಲಿ, ನಿಮ್ಮ ಹುಡುಗಿ ಬರ್ಲಿ. ಚುರುಕಿದಾಳೆ, ಸಂಬಳಾನೂ ಕಡಿಮೆ. ನಿಮಗೂ ಮನೇಲಿ ನೆಮ್ಮದಿ. ಏನಂತೀರಿ?”

ಒಂದು ‘ಹೂಂ’ ಸಾಕಿತ್ತು. ಅಕ್ಕನ ಮುಖ ಕಣ್ಣಮುಂದೆ ಬಂತು. ಬ್ಯಾಚ್ ಮಾಮ ತನ್ನ ಕಡೆ ತಳ್ಳಿದ ಟೀಯನ್ನು ಕುಡಿದು, ಅವನ ನಿಧಾನವನ್ನು ಸೆಕೆಂಡುಗಳಲ್ಲಿ ಬರೆದುಕೊಂಡದ್ದೂ ನೆನಪಾಯಿತು. ಅವರು ಕೊಟ್ಟ ನಿಮಿಷಗಳನ್ನೇ ಎತ್ತಿಕೊಂಡು ಅವರ ಅನ್ನ ಕಿತ್ತುಕೊಳ್ಳುವುದು ಅವಳಿಂದ ಆಗದ ಮಾತು.

“ಈ ಹಾಳೆಗೆ ನಾನು ಸಹಿ ಹಾಕ್ತೀನಿ ಸರ್. ಹಳೇದು ಹೋಗೋದಾದ್ರೆ ಅದರ ಮೇಲೆ ನನ್ನ ಸಹಿ ಇರಲ್ಲ. ಕೇಳಿದೋರಿಗೆ ಯಾಕೆ ಅಂತಾನೂ ಹೇಳ್ತೀನಿ.”

ನಿರ್ದೇಶಕರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. “ವರ್ಷ ಆದ್ಮೇಲೆ ಓವರ್‌ಟೈಮ್ ನಿಂತಿಲ್ಲಾಂದ್ರೆ ನಿಮ್ಮನ್ನೇ ಕೇಳ್ತೀನಿ. ಉಳಿದ ಗಂಟೆಗಳ ಕತೆ ಏನು?”

“ಕೆಳಗೆ ಒಂದು ವಾಕ್ಯ ಬರೆದಿದೀನಿ. ಅದಕ್ಕೆ ರೂಪಾಯಿ ಹಾಕಿಲ್ಲ.”

ಶುಕ್ರವಾರ ಮಂಡಳಿ ಒಪ್ಪಿತು. ಆ ಸಂಜೆ ಅವಳು ಮೇಲಿನ ಮನೆಗೆ ಹತ್ತದೆ ಅಕ್ಕನ ಬಾಗಿಲಲ್ಲೇ ನಿಂತು, ಬ್ಯಾಚ್ ಮಾಮನ ಹೆಸರೂ ಸೇರಿ, ಎಲ್ಲವನ್ನೂ ಹೇಳಿದಳು. ಸುತ್ತಿ ಬಳಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಅಕ್ಕ ಒಲೆ ಆರಿಸಿ ಹೊರಗೆ ಬಂದಳು. “ಊರವರ ಮಕ್ಕಳಿಗೆಲ್ಲ ದೊಡ್ಡ ಮನಸ್ಸು ಮಾಡ್ತೀಯ. ನಿನ್ನ ಎತ್ತಾಡಿಸಿದೋಳು ನಾನು ಕಣೇ. ನನ್ನ ಮಗಳೇ ಸಿಕ್ಕಿದ್ಲಾ ನಿನಗೆ, ಅಲ್ಲಿ ಕಳೆಯೋಕೆ?”

“ಬೇರೆ ಯಾರೂ ಸಿಗ್ಲಿಲ್ಲ ಅಕ್ಕ.”

“ಮೇಲೆ ಹೋಗು. ಸ್ವಲ್ಪ ದಿನ ಕೆಳಗೆ ಬರ್ಬೇಡ.”

ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹುಡುಗಿ ಒಳಗೆ ಹೋದಳು. ಅತ್ತಿದ್ದರೆ, ಬೈದಿದ್ದರೆ ಚಿಕ್ಕಮ್ಮನಿಗೆ ಹಗುರವಾಗುತ್ತಿತ್ತೇನೋ.

ಸೋಮವಾರ ಕಂಪನಿಯಲ್ಲಿ ಸುದ್ದಿ ಹಬ್ಬಿತು: ಹಿರಿಯರ ಜಾಗ ತುಂಬುವುದಿಲ್ಲವಂತೆ, ಲೆಕ್ಕದ ಮೇಡಮ್ಮೇ ಹಾಗೆ ಬರೆದಳಂತೆ. ಮೂರು ಹೆಸರಿನ ವಿಷಯ ಮಾತ್ರ ಕಂಪನಿಯೊಳಗೆ ಸಿಬ್ಬಂದಿ ವಿಭಾಗದ ಬಾಗಿಲು ದಾಟಿರಲಿಲ್ಲ. ಅವಳು ದಾಸ್ತಾನಿನ ಅಂಕಿ ತೆಗೆದುಕೊಳ್ಳಲು ಉಗ್ರಾಣಕ್ಕೆ ಹೋದಾಗ ಕಪಾಟಿನ ಆಚೆ ಬ್ಯಾಚ್ ಮಾಮನ ದನಿ ಕೇಳಿ ಅಲ್ಲೇ ನಿಂತಳು.

“ಸ್ವಂತ ಚಿಕ್ಕಮ್ಮ ಅಂತೆ,” ಎನ್ನುತ್ತಿದ್ದ ಆತ, ಹುಡುಗಿಯೊಂದಿಗೆ. “ನಾನಾಗಿದ್ರೆ ನನ್ನ ಕುರ್ಚಿ ಬಿಟ್ಟುಕೊಡ್ತಿದ್ದೆ ನಿನಗೆ, ದೇವರಾಣೆ. ಎಂಥ ಕಲ್ಲು ಹೃದಯದ ಹೆಂಗಸು ಅದು.”

ಪೆಟ್ಟಿಗೆ ಎಣಿಸುವ ಸದ್ದು ನಿಂತಿತು. ಆ ಕುರ್ಚಿ ಉಳಿದದ್ದು ಹೇಗೆಂದು ಹುಡುಗಿ ಈಗ ಹೇಳಿಬಿಡುತ್ತಾಳೆ ಎಂದುಕೊಂಡಳು ಚಿಕ್ಕಮ್ಮ. ಹೇಳಲಿ, ಹೇಳುವ ಹಕ್ಕು ಅವಳಿಗಿದೆ ಎಂದೂ ಅನ್ನಿಸಿತು.

“ನಿಮ್ಮ ಕುರ್ಚಿ ನಿಮಗೇ ಇರ್ಲಿ ಮಾಮ,” ಎಂದಳು ಹುಡುಗಿ. “ನಮ್ಮ ಚಿಕ್ಕಮ್ಮನ ಬಗ್ಗೆ ಮಾತ್ರ ನನ್ನ ಮುಂದೆ ಹೀಗೆಲ್ಲ ಆಡ್ಬೇಡಿ.”

ಆಮೇಲೆ ಮತ್ತೆ ಪೆಟ್ಟಿಗೆ ಎಣಿಸತೊಡಗಿದಳು. ಲೆಕ್ಕದ ಮೇಡಂ ಕಪಾಟಿಗೆ ಹಣೆ ಒತ್ತಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಕೇಳಬೇಕಾದ ಅಂಕಿ ಕೇಳದೆಯೇ ವಾಪಸು ಹೋದಳು.